ಕೈಗೆ ಅಂಟುವ ಹಿಟ್ಟು

ಅಂಚೆ ಕಚೇರಿಯ ವಿಂಗಡಣೆ ಕೋಣೆಯಲ್ಲಿ ಮೂವತ್ತೊಂದು ವರ್ಷ ನಿಂತು ದುಡಿದ ಆ ಹೆಂಗಸಿಗೆ ಜೊತೆಯವರು ಅರ್ಜೆಂಟಕ್ಕ ಎಂದು ಹೆಸರಿಟ್ಟಿದ್ದರು. ಕಾಗದದ ಮೇಲಿನ ವಿಳಾಸವನ್ನು ಓದಿ ಮುಗಿಸುವ ಮೊದಲೇ ಅವಳ ಕೈ ಅದನ್ನು ಸರಿಯಾದ ಗೂಡಿಗೆ ಎಸೆದಿರುತ್ತಿತ್ತು. ನಿವೃತ್ತಿಯಾದ ಮೇಲೂ ಆ ಹೆಸರು ಹೋಗಲಿಲ್ಲ, ಆ ಕೈಯೂ ಬದಲಾಗಲಿಲ್ಲ. ತರಕಾರಿ ಹೆಚ್ಚುವುದು, ಬಟ್ಟೆ ಮಡಿಸುವುದು, ಮಾತು ಮುಗಿಸುವುದು, ಎಲ್ಲವೂ ಅದೇ ವೇಗದಲ್ಲಿ ನಡೆಯುತ್ತಿದ್ದವು.

ಗಂಡ ಟೈಲರ್. ಕೋಟು ಹೊಲಿಯುವುದರಲ್ಲಿ ಒಳ್ಳೆಯ ಹೆಸರಿದ್ದವನು. ಅರವತ್ತೇಳನೇ ವಯಸ್ಸಿನಲ್ಲಿ ಒಂದು ದಿನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಾಗ ಕತ್ತರಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವನಿಗೆ ಏಳಲಾಗಲಿಲ್ಲ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಮಾತು ಎರಡು ತಿಂಗಳಲ್ಲಿ ಬಹುಮಟ್ಟಿಗೆ ಮರಳಿತು, ಕಾಲು ಮೂರು ತಿಂಗಳಲ್ಲಿ. ಬಲಗೈ ಮಾತ್ರ ಹಟ ಹಿಡಿದು ಕೂತಿತು. ಬೆರಳುಗಳು ಮಡಚಿಕೊಳ್ಳುತ್ತಿದ್ದವು, ಆದರೆ ಹಿಡಿತವಿರಲಿಲ್ಲ. ಲೋಟ ಹಿಡಿದರೆ ಅದು ತಾನೇ ನಿರ್ಧಾರ ಮಾಡಿದಂತೆ ಕೆಳಗೆ ಬೀಳುತ್ತಿತ್ತು.

ವೈದ್ಯರು ಉಪ್ಪು ಕಡಿಮೆ ಮಾಡಬೇಕೆಂದರು. ಅಂಗಡಿಯ ಬ್ರೆಡ್ಡಿನಲ್ಲಿ ಉಪ್ಪು ಜಾಸ್ತಿ ಎಂದೂ ಹೇಳಿದರು. ಟೈಲರಿಗೆ ಬೆಳಗಿನ ತಿಂಡಿ ಎಂದರೆ ಬ್ರೆಡ್ಡು, ನಲವತ್ತು ವರ್ಷದ ಅಭ್ಯಾಸ. ಹಾಗಾಗಿ ಮಗಳು ಒಂದು ಓವನ್ ತಂದುಕೊಟ್ಟಳು. "ಅಮ್ಮಾ, ಮನೇಲೇ ಮಾಡು. ಉಪ್ಪು ಎಷ್ಟು ಬೇಕೋ ಅಷ್ಟೇ ಹಾಕ್ಬಹುದು. ಯೀಸ್ಟ್ ಡಬ್ಬಿ ಮೇಲೆ ವಿಧಾನ ಬರೆದಿರ್ತಾರೆ" ಎಂದು ಹೇಳಿ, ತಕ್ಕಡಿಯೊಂದನ್ನೂ ಇಟ್ಟು ಹೋದಳು.

ಐನೂರು ಗ್ರಾಂ ಹಿಟ್ಟು, ಮುನ್ನೂರ ಮೂವತ್ತು ಗ್ರಾಂ ನೀರು, ಯೀಸ್ಟು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ಅರ್ಜೆಂಟಕ್ಕ ಎಲ್ಲವನ್ನೂ ತೂಗಿಯೇ ಹಾಕಿದಳು. ಬಂದದ್ದು ಬ್ರೆಡ್ಡಲ್ಲ. ಮೇಲೆ ಚೆನ್ನಾಗಿ ಕೆಂಪಾಗಿತ್ತು, ಕೊಯ್ದರೆ ಒಳಗೆ ಒತ್ತೊತ್ತಾಗಿ, ಬೂದು ಬಣ್ಣಕ್ಕೆ ತಿರುಗಿ, ಅಂಗೈಯಲ್ಲಿಟ್ಟರೆ ಭಾರವಾಗಿತ್ತು. ಟೈಲರ್ ಒಂದು ಚೂರನ್ನು ಬಾಯಿಯ ಎಡಗಡೆ ಇಟ್ಟುಕೊಂಡು ಬಹಳ ಹೊತ್ತು ಅಗಿದ.

"ಹೇಗಿದೆ ರೀ?"

"ಕೋಟಿನ ಭುಜಕ್ಕೆ ಒಳಗೆ ಇಡೋ ಪ್ಯಾಡು ಹುಡುಕ್ತಾ ಇದ್ದೆ. ಸಿಕ್ತು."

ಅವಳು ನಗಲಿಲ್ಲ. ಎರಡನೆಯ ಸಲ ಯೀಸ್ಟು ಜಾಸ್ತಿ ಹಾಕಿದಳು, ವಾಸನೆ ಜಾಸ್ತಿಯಾಯಿತು. ಮೂರನೆಯ ಸಲ ಓವನ್ನಿನ ಬಿಸಿ ಏರಿಸಿದಳು, ಸಿಪ್ಪೆ ಸುಟ್ಟಿತು. ಒಳಗಿನ ತಿರುಳು ಮಾತ್ರ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಮಗಳು ಬಂದಾಗಲೆಲ್ಲ "ಇವತ್ತಿನ ಇಟ್ಟಿಗೆ ಎಲ್ಲಿ?" ಎಂದು ಕೇಳುವುದು ರೂಢಿಯಾಯಿತು. ಟೈಲರಿಗೆ ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು ಅವಳು ಚೂರುಗಳನ್ನು ಹಾಲಿನಲ್ಲಿ ನೆನೆಸಿ ಕೊಡತೊಡಗಿದಳು. ಅವನು ಅದನ್ನು ಸುಮ್ಮನೆ ತಿನ್ನುತ್ತಿದ್ದ. ಹೆಂಡತಿ ಮಾಡಿದ್ದನ್ನು ತಟ್ಟೆಯಲ್ಲಿ ಬಿಡುವ ಧೈರ್ಯ ಅವನಿಗೆ ಕಾಯಿಲೆಗೆ ಮುಂಚೆಯೂ ಇರಲಿಲ್ಲ.

ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಮಾಡಿಸುವ ಹೆಂಗಸು ಮನೆಗೆ ಬರುತ್ತಿದ್ದಳು. ಮೂವತ್ತರ ಆಸುಪಾಸು, ಸದಾ ಕ್ಯಾನ್ವಾಸ್ ಬೂಟು, ಜೋರು ದನಿ. ಅವಳು ಟೈಲರಿಗೆ ಒಂದು ಹಸಿರು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ಇನ್ನೂರು ಸಲ ಅದುಮಲು ಹೇಳಿದ್ದಳು.

"ಎಷ್ಟು ಸಲ ಮಾಡಿದ್ರಿ ಅಂಕಲ್?"

"ಇನ್ನೂರು."

"ಸುಳ್ಳು. ಚೆಂಡಿನ ಮೇಲೆ ಧೂಳಿದೆ."

"ಮಗು ಆಡೋ ವಸ್ತು ಕೊಟ್ಟು ಕೆಲಸ ಅಂದ್ರೆ ಹೇಗಮ್ಮಾ? ಅದುಮಿದ್ರೆ ಏನಾಗುತ್ತೆ? ಬಿಟ್ಟ ಕೂಡ್ಲೆ ಮೊದಲಿದ್ದ ಹಾಗೇ ಆಗುತ್ತೆ."

ಅವಳು ಅರ್ಜೆಂಟಕ್ಕನ ಕಡೆ ನೋಡಿದಳು. ಅರ್ಜೆಂಟಕ್ಕ ಹುಬ್ಬು ಹಾರಿಸಿದಳು. ಆ ಮನೆಯಲ್ಲಿ ಅದರರ್ಥ, ಹೇಳಿ ಹೇಳಿ ನನಗೂ ಸಾಕಾಗಿದೆ ಎಂದು.

ಒಂದು ಗುರುವಾರ ಬೆಳಿಗ್ಗೆ ಅರ್ಜೆಂಟಕ್ಕ ಹಿಟ್ಟಿಗೆ ನೀರು ಸುರಿದು ಮರದ ಚಮಚದಿಂದ ಆಗಷ್ಟೇ ಕಲಸಿದ್ದಳು. ಕೆಳಗಿನ ಮನೆಯವರು ಬಾಗಿಲು ಬಡಿದರು. ಅವರ ಬಚ್ಚಲಿನ ಚಾವಣಿಯಿಂದ ನೀರು ಸುರಿಯುತ್ತಿದೆ, ಪೈಪು ಇವರ ಮನೆಯದ್ದು, ತಕ್ಷಣ ಬರಬೇಕು. ಅವಳು ಚಮಚವನ್ನು ಪಾತ್ರೆಯಲ್ಲೇ ಬಿಟ್ಟು, "ಮುಟ್ಬೇಡಿ, ಈಗ ಬಂದೆ" ಎಂದು ಹೋದಳು. ಪ್ಲಂಬರ್ ಬರುವುದಕ್ಕೆ ಮುಕ್ಕಾಲು ಗಂಟೆ, ಅವನು ಗೋಡೆ ಕುಟ್ಟಿ ನೋಡಿ ತಲೆ ಕೆರೆಯುವುದಕ್ಕೆ ಇನ್ನಷ್ಟು. ಅವಳು ವಾಪಸ್ಸು ಬಂದಾಗ ಒಂದೂವರೆ ಗಂಟೆ ಕಳೆದಿತ್ತು.

ಪಾತ್ರೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ಮುಚ್ಚಿದ್ದು ತಾನೇ ಇರಬೇಕು ಎಂದುಕೊಂಡಳು. ತೆಗೆದು ನೋಡಿದರೆ ಹಿಟ್ಟು ನುಣ್ಣಗೆ, ಹೊಟ್ಟೆ ತುಂಬಿದ ಮಗುವಿನ ಕೆನ್ನೆಯ ಹಾಗಿತ್ತು. ಇಷ್ಟು ಹೊತ್ತಾಗಿದೆ, ಇನ್ನು ನಾದಲು ಸಮಯವಿಲ್ಲ, ಹಾಳಾದರೆ ಹಾಳಾಗಲಿ ಎಂದು ಎತ್ತಿ ತಗಡಿನ ಅಚ್ಚಿಗೆ ಹಾಕಿ, ಉಬ್ಬಿದ ಮೇಲೆ ಓವನ್ನಿಗೆ ದಬ್ಬಿದಳು.

ಬ್ರೆಡ್ಡು ಅಚ್ಚಿನ ಅಂಚು ದಾಟಿ ನಾಲ್ಕು ಬೆರಳು ಮೇಲೆ ಬಂತು. ಕೊಯ್ದರೆ ಒಳಗೆಲ್ಲ ಸಣ್ಣ ದೊಡ್ಡ ಕಣ್ಣುಗಳು. ಬೆರಳಿನಿಂದ ಒತ್ತಿ ಬಿಟ್ಟರೆ ನಿಧಾನವಾಗಿ ಎದ್ದು ನಿಲ್ಲುತ್ತಿತ್ತು. ಟೈಲರ್ ಹಾಲಿಲ್ಲದೆ ಮೂರು ಚೂರು ತಿಂದ. ಅವಳು ಆ ವಾರವಷ್ಟೇ ತಂದಿದ್ದ ಹೊಸ ಯೀಸ್ಟ್ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹಳೇದು ಕೆಟ್ಟಿತ್ತು, ನಾನು ಹೇಳ್ತಾನೇ ಇದ್ದೆ" ಎಂದಳು. ಅವಳು ಹಾಗೆಂದು ಯಾವತ್ತೂ ಹೇಳಿರಲಿಲ್ಲ.

ಭಾನುವಾರ ಅದೇ ಡಬ್ಬಿಯ ಯೀಸ್ಟಿನಲ್ಲಿ ಮತ್ತೆ ಮಾಡಿದಳು. ಮತ್ತೆ ಇಟ್ಟಿಗೆ.

ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟಳು. ಟೈಲರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ಗುರುವಾರ ನಾನು ಕೈ ಹಾಕಿದ್ದೆ" ಎಂದ.

"ಎಲ್ಲಿಗೆ?"

"ಹಿಟ್ಟಿಗೆ."

"ಮುಟ್ಬೇಡಿ ಅಂದಿದ್ನಲ್ಲ!"

"ಅದಕ್ಕೇ ಇಷ್ಟು ದಿನ ಹೇಳಲಿಲ್ಲ."

ಮೇಲ್ಮೈ ಒಣಗುತ್ತಾ ಬರುತ್ತಿದ್ದ ಹಿಟ್ಟನ್ನು ನೋಡಿ ಅವನು ಎಡಗೈಯಲ್ಲಿ ಪಾತ್ರೆ ಹಿಡಿದು, ಬಲಗೈಯನ್ನು ಒಳಗಿಳಿಸಿದ್ದ. ಹಿಟ್ಟು ಬೆರಳಿಗೆ ಅಂಟಿಕೊಂಡಿತು. ಬಿಡಿಸಿಕೊಳ್ಳಲು ಎಳೆದ, ಎಳೆದದ್ದನ್ನು ಒತ್ತಿದ. ಕೈ ಸೋತಾಗ ನಿಲ್ಲಿಸಿದ, ಮತ್ತೆ ಶುರು ಮಾಡಿದ. ಒಂದು ಗಂಟೆಯಲ್ಲಿ ಅರ್ಧ ಹೊತ್ತು ನಾದಿದ್ದು, ಅರ್ಧ ಹೊತ್ತು ಸುಮ್ಮನೆ ಕೂತದ್ದು. ಇದಿಷ್ಟನ್ನು ಅವನು ತಪ್ಪು ಒಪ್ಪಿಕೊಳ್ಳುವವನ ದನಿಯಲ್ಲಿ ಹೇಳಿದ.

ಮರುದಿನ ಅರ್ಜೆಂಟಕ್ಕ ಭಾನುವಾರದ ಇಟ್ಟಿಗೆಯ ಒಂದು ಚೂರನ್ನೂ ಗುರುವಾರದ ಬ್ರೆಡ್ಡಿನ ಉಳಿದ ಒಂದು ಚೂರನ್ನೂ ಕಾಗದದಲ್ಲಿ ಸುತ್ತಿಕೊಂಡು ರಸ್ತೆ ಕೊನೆಯ ಬೇಕರಿಗೆ ಹೋದಳು. ಬೇಕರಿಯವನು ಅವಳಿಗಿಂತ ಮೂರ್ನಾಲ್ಕು ವರ್ಷ ಚಿಕ್ಕವನು. ಕಣ್ಣಿನ ರೆಪ್ಪೆಯಲ್ಲೂ ಹಿಟ್ಟು. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಅವನು ಇಟ್ಟಿಗೆಯ ಚೂರನ್ನು ಮೂಸಿ, ಮುರಿದು, ಬೆಳಕಿಗೆ ಹಿಡಿದು ನೋಡಿದ.

"ನಾದುವಾಗ ಹಿಟ್ಟು ಉದುರಿಸ್ತೀರಾ ಅಕ್ಕಾ?"

"ಉದುರಿಸದೆ? ಕೈಗೆಲ್ಲ ಮೆತ್ಕೊಳ್ಳುತ್ತಲ್ಲ."

"ಎಷ್ಟು?"

"ಸ್ವಲ್ಪ."

"ಎಷ್ಟು ಹೊತ್ತು ನಾದ್ತೀರಿ?"

"ಸಾಕಾಗುವಷ್ಟು."

ಬೇಕರಿಯವನು ಮೀಸೆಯೊಳಗೇ ನಕ್ಕ. "ಸ್ವಲ್ಪ, ಸಾಕಾಗುವಷ್ಟು. ನೋಡಿ, ಹಿಟ್ಟಲ್ಲಿ ಅಂಟಾಗೋ ಸತ್ವ ಇರುತ್ತೆ. ನೀರು ಕುಡಿದ ಮೇಲೆ ಅದು ಒಂದಕ್ಕೊಂದು ಹೆಣ್ಕೊಳ್ಳುತ್ತೆ. ಗ್ಲೂಟನ್ ಅಂತಾರೆ. ಎಳೆದು, ಮಡಿಚಿ, ಒತ್ತಿ ನಾದ್ತಾ ಹೋದ ಹಾಗೆ ಅದು ಬಲೆ ಥರ ಬಿಗಿಯುತ್ತೆ. ಯೀಸ್ಟು ಬಿಡೋ ಗಾಳಿಯನ್ನ ಹಿಡಿದಿಟ್ಕೊಳ್ಳೋದು ಆ ಬಲೆನೇ. ಬಲೂನು ಅಂದ್ಕೊಳ್ಳಿ. ರಬ್ಬರು ಗಟ್ಟಿ ಇದ್ರೆ ಊದೋಕೆ ಆಗಲ್ಲ. ತೂತಿದ್ರೆ ಊದಿದ್ದು ನಿಲ್ಲಲ್ಲ. ನೀವು ಹಿಟ್ಟು ಉದುರಿಸಿ ಗಟ್ಟಿ ಮಾಡಿದೀರಿ. ಬೇಗ ನಿಲ್ಲಿಸಿ ತೂತು ಬಿಟ್ಟಿದೀರಿ. ಎರಡೂ ಕೈಯಲ್ಲಿ ಒಳ್ಳೇ ಕೆಲಸ."

"ಹಾಗಾದ್ರೆ ಇದು?" ಅವಳು ಎರಡನೆಯ ಚೂರನ್ನು ಮುಂದಿಟ್ಟಳು.

ಅವನು ಅದನ್ನು ಒತ್ತಿದ. ಅದು ಎದ್ದು ನಿಂತಿತು. "ಇದನ್ನ ಯಾರು ಮಾಡಿದ್ದು?"

"ನಮ್ಮನೆಯವರು. ಒಂದೇ ಕೈಯಲ್ಲಿ, ನಡುನಡುವೆ ಕೂತು ಸುಧಾರಿಸ್ಕೊಂಡು."

ಬೇಕರಿಯವನು ಚೂರನ್ನು ಮತ್ತೊಮ್ಮೆ ಒತ್ತಿ ನೋಡಿದ. "ಅವರ ಇನ್ನೊಂದು ಕೈ ಪಾತ್ರೆ ಹಿಡಿದಿತ್ತು, ಅಲ್ವಾ? ಹಾಗಾದ್ರೆ ಹಿಟ್ಟಿನ ಡಬ್ಬಿಗೆ ಕೈ ಹಾಕೋಕೇ ಆಗಲಿಲ್ಲ. ನೀರು ಇದ್ದಷ್ಟೂ ಉಳೀತು. ನಡುನಡುವೆ ಕೂತ್ರು ಅಂತೀರಿ. ಕೂತಾಗಲೂ ಹಿಟ್ಟು ಕೆಲಸ ಮಾಡ್ತಾನೇ ಇರುತ್ತೆ ಅಕ್ಕಾ. ನೀರು ಚೆನ್ನಾಗಿದ್ರೆ ಬಲೆ ಅರ್ಧ ತಾನಾಗೇ ಹೆಣ್ಕೊಳ್ಳುತ್ತೆ. ಒಂದು ಕೆಲಸ ಮಾಡಿ. ಈ ಸಲ ನಾದೋಕೆ ಮುಂಚೆ ಹಿಟ್ಟಿನ ಡಬ್ಬಿ ತೂಗಿ, ನಾದಿದ ಮೇಲೆ ಇನ್ನೊಂದು ಸಲ ತೂಗಿ. ಆಮೇಲೆ ನಿಂಬೆಹಣ್ಣಿನಷ್ಟು ಹಿಟ್ಟು ತಗೊಂಡು ನಾಲ್ಕು ಕಡೆಯಿಂದ ಮೆಲ್ಲಗೆ ಎಳೀರಿ. ಆಚೆ ಬೆಳಕು ಕಾಣೋ ಹಾಗೆ ತೆಳ್ಳಗಾದ್ರೂ ಹರೀಬಾರದು. ಹರಿದ್ರೆ, ನಾದಿದ್ದು ಸಾಲದು."

ಅವಳು ಮನೆಗೆ ಬಂದು ಹಾಗೇ ಮಾಡಿದಳು. ಮೊದಲಿನ ಐನೂರು ಗ್ರಾಂ ಅಲ್ಲದೆ ಡಬ್ಬಿಯಿಂದ ನೂರ ಮೂವತ್ತು ಗ್ರಾಂ ಹೋಗಿತ್ತು. ಅಷ್ಟನ್ನು ತಾನು ಹಾಕಿದ್ದು ಅವಳಿಗೆ ನೆನಪೇ ಇರಲಿಲ್ಲ. ಕೈ ತಾನಾಗಿ ಹೋಗಿ ತಾನಾಗಿ ಬಂದಿತ್ತು. ಗಡಿಯಾರವನ್ನೂ ನೋಡಿದ್ದಳು. ಸಾಕಾಗುವಷ್ಟು ಎಂದರೆ ನಾಲ್ಕು ನಿಮಿಷ. ಯೀಸ್ಟ್ ಡಬ್ಬಿಯ ಮೇಲೆ ಹನ್ನೆರಡು ಎಂದು ಬರೆದಿದ್ದನ್ನು ಅವಳು ನಿಧಾನಸ್ಥರಿಗೆ ಹೇಳಿದ ಮಾತೆಂದು ಬಿಟ್ಟಿದ್ದಳು. ನಿಂಬೆಗಾತ್ರದ ಹಿಟ್ಟನ್ನು ಎಳೆದಳು. ಅದು ಹಳೆಯ ಪೇಪರಿನಂತೆ ನಡುವೆ ಪಕ್ಕನೆ ಹರಿಯಿತು.

ಕಾರಣ ಗೊತ್ತಾದ ಮೇಲೂ ಬ್ರೆಡ್ಡು ಸರಿಹೋಗಲಿಲ್ಲ. ಮುಂದಿನ ಸಲ ಹಿಟ್ಟಿನ ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿಟ್ಟು ನಾದಲು ಕೂತಳು. ಹಿಟ್ಟು ಬೆರಳ ಸಂದಿಗೆ, ಉಂಗುರದ ಕೆಳಗೆ, ಮಣಿಕಟ್ಟಿನವರೆಗೆ ಹತ್ತಿತು. ಎರಡು ನಿಮಿಷ ಸಹಿಸಿದಳು. ಮೂರನೇ ನಿಮಿಷಕ್ಕೆ ಎದ್ದು ಮೊಣಕೈಯಿಂದಲೇ ಕಪಾಟು ತೆರೆದಳು. ಟೈಲರ್ ಹಿಂದಿನಿಂದ ನೋಡುತ್ತಿದ್ದ.

"ನಿನಗೆ ಆಗಲ್ಲ ಬಿಡು" ಎಂದ. ಚುಚ್ಚಿ ಹೇಳಿದ ಮಾತಲ್ಲ ಅದು. "ಇಲ್ಲಿ ಕೊಡು."

ಅಂದಿನಿಂದ ಕೆಲಸ ಹಂಚಿಕೆಯಾಯಿತು. ಅವಳು ತೂಗಿ ಕಲಸುವುದು, ಅವನು ನಾದುವುದು. ಬೆಳಿಗ್ಗೆ ರೇಡಿಯೋದಲ್ಲಿ ಒಂಬತ್ತು ಗಂಟೆಯ ವಾರ್ತೆ ಶುರುವಾಗುವ ಹೊತ್ತಿಗೆ ಅವನು ಮೇಜಿನ ಮುಂದೆ ಕೂರುತ್ತಿದ್ದ. ಪಾತ್ರೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ಮೊದಮೊದಲು ಹಿಟ್ಟು ಕೈಗೂ ಪಾತ್ರೆಯ ಗೋಡೆಗೂ ಮೆತ್ತಿಕೊಂಡು ರಾಡಿಯಾಗಿರುತ್ತಿತ್ತು. ಹತ್ತು ಹನ್ನೆರಡು ನಿಮಿಷವಾದ ಮೇಲೆ, ಯಾರೂ ಏನೂ ಹಾಕದಿದ್ದರೂ, ಅದು ಗೋಡೆ ಬಿಟ್ಟು ಒಂದೇ ಉಂಡೆಯಾಗಿ ಕೂಡಿಕೊಳ್ಳುತ್ತಿತ್ತು. ಪಾತ್ರೆ ತಾನೇ ಒರೆಸಿಟ್ಟಷ್ಟು ಸ್ವಚ್ಛವಾಗುತ್ತಿತ್ತು. ಆಮೇಲೂ ಅಷ್ಟೇ ಹೊತ್ತು ನಾದಿದರೆ ನುಣುಪು ಬರುತ್ತಿತ್ತು. ಎರಡು ಕೈ ಗಟ್ಟಿಯಿದ್ದವರಿಗೆ ಹತ್ತು ಹನ್ನೆರಡು ನಿಮಿಷದ ಕೆಲಸ. ಅವನಿಗೆ ಇಪ್ಪತ್ತೈದು ನಿಮಿಷ ಬೇಕಾಗುತ್ತಿತ್ತು.

ಒಂದು ದಿನ ತೆಳ್ಳಗೆ ಎಳೆದ ಹಿಟ್ಟನ್ನು ಕಿಟಕಿಗೆ ಹಿಡಿದು ಅವನು ಹೆಂಡತಿಯನ್ನು ಕರೆದ.

"ಇಲ್ಲಿ ನೋಡು, ಇದು ನೇಯ್ದ ಹಾಗೇ ಇದೆ. ಒಳ್ಳೇ ಬಟ್ಟೆ ಓರೆಯಾಗಿ ಎಳೆದ್ರೆ ಹೇಗೆ ಬಳುಕುತ್ತೆ, ಬಿಟ್ಟರೆ ವಾಪಸ್ಸು ಬರುತ್ತೆ, ಹಾಗೆ. ಅವತ್ತು ನಿನ್ನ ಹಿಟ್ಟಲ್ಲಿ ನೂಲು ಇತ್ತು, ನೇಯ್ಗೆ ಇರಲಿಲ್ಲ."

"ಆಯ್ತು ಆಯ್ತು, ನೇಕಾರರೇ, ಕೈ ತೊಳ್ಕೊಳ್ಳಿ."

ಫಿಸಿಯೋಥೆರಪಿಯವಳು ಆರನೇ ವಾರ ಅವನ ಹಿಡಿತ ಅಳೆದು, ಯಂತ್ರದ ಮುಳ್ಳನ್ನು ಎರಡು ಸಲ ನೋಡಿದಳು. ಹಸಿರು ಚೆಂಡನ್ನು ಚೀಲಕ್ಕೆ ಹಾಕಿಕೊಂಡು, ಇನ್ನು ಇದು ಬೇಡ ಎಂದಳು. ಹೋಗುವ ಮುನ್ನ ಅರ್ಜೆಂಟಕ್ಕನನ್ನು ಬಾಗಿಲ ಬಳಿ ನಿಲ್ಲಿಸಿ ಹಳೆಯ ಪಾಠವನ್ನು ಮತ್ತೊಮ್ಮೆ ಒಪ್ಪಿಸಿಕೊಂಡಳು. ಇಂಥ ಕಾಯಿಲೆ ಮರುಕಳಿಸಬಹುದು. ಮುಖ ವಾಲಿದರೆ, ಮಾತು ತೊದಲಿದರೆ, ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಲು ಹೇಳಿದಾಗ ಒಂದು ಕೈ ಕೆಳಗಿಳಿದರೆ, ಕಾಯಬಾರದು. ಶುರುವಾದ ಹೊತ್ತು ಎಷ್ಟೆಂದು ಆಸ್ಪತ್ರೆಯಲ್ಲಿ ಮೊದಲು ಕೇಳುತ್ತಾರೆ.

ಅದಾಗಿ ಹದಿನೆಂಟು ದಿನಕ್ಕೆ, ಒಂದು ಬುಧವಾರ, ಅರ್ಜೆಂಟಕ್ಕ ಹಿಟ್ಟು ಕಲಸಿ ಕೊಟ್ಟು, ವಾರ್ತೆಯ ಸಂಗೀತ ಕೇಳುತ್ತಿದ್ದಂತೆ ಬಟ್ಟೆ ಒಣಗಿಸಲು ಮಹಡಿಗೆ ಹೋದಳು. ಇಳಿದು ಬಂದಾಗ ಒಂಬತ್ತೂ ಇಪ್ಪತ್ತೈದು. ಪಾತ್ರೆಯ ಮೇಲೆ ಬಟ್ಟೆ ಮುಚ್ಚಿತ್ತು. ಟೈಲರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರ್ ಹರಡಿಕೊಂಡು ಕೂತಿದ್ದ.

"ಆಯ್ತೇ?"

"ಹ್ಞೂಂ."

"ಪೂರ್ತಿ ನಾದಿದ್ರಾ?"

"ದಿನಾ ನಾದೋ ಅಷ್ಟೇ."

ಮುಖ ಸರಿಯಾಗಿತ್ತು. ಮಾತೂ ಸರಿಯಾಗಿತ್ತು. ಅವಳು ಬಟ್ಟೆ ಎತ್ತಿದಳು. ಹಿಟ್ಟು ಸ್ವಲ್ಪ ಸಡಿಲಾಗಿ ಹರಡಿಕೊಂಡಿತ್ತು, ಮೇಲೆ ಉಬ್ಬುತಗ್ಗು. ಪಾತ್ರೆಯ ಗೋಡೆಯ ಸುತ್ತ ಬೆರಳು ಎಳೆದ ಗುರುತಿನೊಂದಿಗೆ ಹಿಟ್ಟು ಮೆತ್ತಿಕೊಂಡೇ ಇತ್ತು. ಅವಳು ಒಂದು ತುಣುಕು ಕಿತ್ತು ಎಳೆದಳು. ಹರಿಯಿತು. ಇನ್ನೊಂದು ಕಿತ್ತಳು. ಅದೂ ಹರಿಯಿತು.

ನೀರು ಹೆಚ್ಚುಕಡಿಮೆಯಾಯಿತೇ? ಇಲ್ಲ, ತಾನೇ ತೂಗಿದ್ದು. ಹಿಟ್ಟು ನಿನ್ನೆಯದೇ ಚೀಲದ್ದು. ಉಳಿದದ್ದು ನಾದುವುದೊಂದೇ. ಈ ಗೋಡೆ ಸ್ವಚ್ಛವಾಗಲು ಅವನಿಗೆ ಹತ್ತು ನಿಮಿಷವಾದರೂ ಬೇಕು, ಅದು ಸ್ವಚ್ಛವಾಗಿಲ್ಲ. ಅಂದರೆ ಅವನು ಅದಕ್ಕೂ ಮೊದಲೇ ನಿಲ್ಲಿಸಿದ್ದಾನೆ. ಸೋಮಾರಿತನದಿಂದ ನಿಲ್ಲಿಸುವವನಲ್ಲ. ಈಚೆಗೆ ಈ ಕೆಲಸವನ್ನು ಅವನು ಅವಳ ಕೈಗೆ ಕೊಡಲೂ ಒಪ್ಪುತ್ತಿರಲಿಲ್ಲ.

ಅವಳು ಹೋಗಿ ಅವನ ಮಡಿಲ ಮೇಲಿನ ಪೇಪರ್ ಎತ್ತಿದಳು. ಬಲಗೈ ಅದರಡಿಯಲ್ಲಿತ್ತು. ತೊಳೆದಿರಲಿಲ್ಲ. ಬೆರಳುಗಳ ಮೇಲೆ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು.

"ಎರಡೂ ಕೈ ಮುಂದೆ ಚಾಚಿ."

"ಏನಿಲ್ಲ ಕಣೇ, ಸ್ವಲ್ಪ ಜೋಮು ಹಿಡಿದಿದೆ. ಬಿಡುತ್ತೆ."

"ಚಾಚಿ ಅಂದೆ. ಕಣ್ಣು ಮುಚ್ಚಿ."

ಅವನು ಚಾಚಿದ. ಎಡಗೈ ನಿಂತಲ್ಲೇ ನಿಂತಿತು. ಬಲಗೈ ಅಂಗೈ ಒಳಮುಖವಾಗಿ ತಿರುಗುತ್ತಾ, ಯಾರೋ ಮೆಲ್ಲಗೆ ಒತ್ತುತ್ತಿರುವಂತೆ ಕೆಳಗಿಳಿಯಿತು. ಅವನಿಗೆ ಅದು ತಿಳಿಯಲೇ ಇಲ್ಲ. ಕಣ್ಣು ಮುಚ್ಚಿಕೊಂಡೇ "ನೋಡ್ದ್ಯಾ, ಸರಿ ಇದೆ" ಎಂದ.

ಕೆಳಗಿನ ಮನೆಯವರ ಕಾರಿನಲ್ಲಿ ಒಂಬತ್ತು ಐವತ್ತಕ್ಕೆ ಅವರು ಆಸ್ಪತ್ರೆ ಮುಟ್ಟಿದರು. ದಾರಿಯಲ್ಲಿ ಅವನ ಮಾತು ತೊದಲತೊಡಗಿತ್ತು. ತುರ್ತು ವಿಭಾಗದ ವೈದ್ಯೆ ಕೇಳಿದ ಮೊದಲ ಪ್ರಶ್ನೆ, ಯಾವಾಗ ಶುರುವಾಯಿತು ಎಂದು. ಟೈಲರ್ "ಬೆಳಿಗ್ಗೆ" ಎಂದಷ್ಟೇ ಹೇಳಿದ.

"ಬೆಳಿಗ್ಗೆ ಅಂದ್ರೆ ಯಾವಾಗ? ಏಳುವಾಗಲೇ ಹೀಗಿತ್ತಾ? ಅದು ಗೊತ್ತಾಗದಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋದು ಕಷ್ಟ."

"ಒಂಬತ್ತಕ್ಕೆ ಸರಿಯಿದ್ರು. ಒಂಬತ್ತೂ ಹತ್ತರೊಳಗೆ ಆಗಿದೆ" ಎಂದಳು ಅರ್ಜೆಂಟಕ್ಕ.

"ನೀವು ನೋಡಿದ್ರಾ?"

"ನಾನು ಹಿಟ್ಟು ನೋಡ್ದೆ. ಒಂಬತ್ತರ ವಾರ್ತೆ ಬರುವಾಗ ನಾದೋಕೆ ಶುರು ಮಾಡಿದ್ದಾರೆ, ಅದನ್ನ ನಾನೇ ನೋಡಿದ್ದು. ಕೈ ಆಗ ಆಡ್ತಾ ಇತ್ತು. ಹತ್ತು ನಿಮಿಷ ನಾದಿದ್ರೆ ಪಾತ್ರೆ ಗೋಡೆ ಸ್ವಚ್ಛ ಆಗ್ಬೇಕು. ಆಗಿಲ್ಲ."

ವೈದ್ಯೆ ಟೈಲರ್ ಕಡೆ ತಿರುಗಿ, "ಹೌದಾ?" ಎಂದಳು.

ಅವನು ತಲೆಯಾಡಿಸಿದ. ಹವಾಮಾನದ ಸುದ್ದಿ ಬರುವ ಮುಂಚೆಯೇ ಬೆರಳುಗಳು ನಿಂತುಹೋದವು ಎಂದು ತಡೆತಡೆದು ಹೇಳಿದ. ವೈದ್ಯೆ ಕಾಗದದ ಮೇಲೆ, ಸರಿಯಿದ್ದ ಕೊನೆಯ ಹೊತ್ತು ಒಂಬತ್ತು ಗಂಟೆ ಎಂದು ಬರೆದಳು. ಸ್ಕ್ಯಾನ್ ಆಯಿತು, ರಕ್ತಸ್ರಾವ ಇರಲಿಲ್ಲ. ಹತ್ತೂವರೆಯ ಸುಮಾರಿಗೆ ಔಷಧಿ ಅವನ ರಕ್ತನಾಳಕ್ಕೆ ಇಳಿಯಿತು.

ಅರ್ಜೆಂಟಕ್ಕ ಹೊರಗಿನ ಬೆಂಚಿನ ಮೇಲೆ ಕೂತಳು. ಮಗಳಿಗೆ ಫೋನ್ ಮಾಡಿದಳು. ಆಮೇಲೆ ಮಾಡಲು ಏನೂ ಇರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವಳ ಕೈ ಅಷ್ಟು ಹೊತ್ತು ಸುಮ್ಮನಿದ್ದದ್ದಿಲ್ಲ. ಮಗಳು ಬಂದಾಗ ಅವಳು ಆಸ್ಪತ್ರೆಯ ಚೀಟಿಯನ್ನು ಮಡಿಸಿ ಮಡಿಸಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿಕೊಂಡಿದ್ದಳು.

"ಅಪ್ಪ ಯಾಕೆ ಕೂಡ್ಲೆ ಹೇಳಲಿಲ್ಲ?" ಎಂದು ಮಗಳು ಕೇಳಿದಳು.

"ಬ್ರೆಡ್ಡು ಕೆಟ್ಟರೆ ನಾನು ಬೈತೀನಿ ಅಂತ ಇರ್ಬೇಕು" ಎಂದಳು. ಚೀಟಿಯನ್ನು ಬಿಡಿಸುತ್ತಾ, "ಬೈತಾ ಇದ್ದೆ" ಎಂದೂ ಸೇರಿಸಿದಳು.

ಸಂಜೆಯ ಹೊತ್ತಿಗೆ ಮಾತು ತಿಳಿಯಾಯಿತು. ಮರುದಿನ ಬೆರಳುಗಳು ಕದಲಿದವು. ಎದೆಬಡಿತ ಆಗಾಗ ತಾಳ ತಪ್ಪುತ್ತಿರುವುದು ಯಂತ್ರದಲ್ಲಿ ಕಂಡಿತು. ಹೆಪ್ಪು ಹುಟ್ಟುತ್ತಿರುವುದು ಅಲ್ಲಿಂದಲೇ ಇರಬೇಕೆಂದು ಹೇಳಿ ವೈದ್ಯರು ಮಾತ್ರೆ ಬದಲಾಯಿಸಿದರು.

ಗುರುವಾರ ಮಧ್ಯಾಹ್ನ ಅವಳು ಬಟ್ಟೆ ತರಲು ಮನೆಗೆ ಬಂದಳು. ಬಾಗಿಲು ತೆರೆಯುತ್ತಿದ್ದಂತೆ ಹೆಂಡದಂಥ ಹುಳಿ ವಾಸನೆ ಹೊಡೆಯಿತು. ಮೇಜಿನ ಮೇಲೆ ಹಿಟ್ಟು ಪಾತ್ರೆಯಿಂದ ಉಕ್ಕಿ, ಅಂಚಿನ ಮೇಲೆ ಇಳಿದು, ಆಮೇಲೆ ನಡುವೆ ಕುಸಿದು ಕೂತಿತ್ತು. ಅವಳು ಅದರೊಳಗೆ ಬೆರಳಿಟ್ಟು ಎತ್ತಿದಳು. ಬಲೆ ಇರಲಿಲ್ಲ. ಅಂಟಿನಂತೆ ಜಾರಿ ತೊಟ್ಟಿಕ್ಕಿತು. ಎಲ್ಲವನ್ನೂ ಕೆರೆದು ತೆಗೆದು, ಪಾತ್ರೆಗೆ ತಣ್ಣೀರು ತುಂಬಿಸಿ ನೆನೆಯಲು ಬಿಟ್ಟಳು. ಬಿಸಿನೀರು ಹಾಕಿದರೆ ಹಿಟ್ಟು ಬೆಂದು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆಂದು ಅಷ್ಟರಲ್ಲಿ ಅವಳಿಗೆ ಗೊತ್ತಾಗಿತ್ತು. ಬಟ್ಟೆ ತೆಗೆದುಕೊಂಡು ಮುಂದಿನ ಬಸ್ಸಿಗೆ ವಾಪಸ್ಸು ಹೋದಳು.

ಒಂಬತ್ತನೆಯ ದಿನ ಅವನನ್ನು ಮನೆಗೆ ಕಳಿಸಿದರು. ಕೈ ಎರಡು ತಿಂಗಳು ಹಿಂದಕ್ಕೆ ಹೋಗಿತ್ತು. ಅದಕ್ಕಿಂತ ಹಿಂದಕ್ಕೆ ಹೋಗದಿದ್ದದ್ದು ಬೇಗ ಬಂದದ್ದರಿಂದ ಎಂದು ಫಿಸಿಯೋಥೆರಪಿಯವಳು ಹೇಳಿದಳು. ಅವಳು ಮೊದಲ ದಿನ ಅವನಿಗೆ ಎರಡೇ ನಿಮಿಷ ನಾದಲು ಬಿಟ್ಟಳು. ಉಳಿದದ್ದು ಅರ್ಜೆಂಟಕ್ಕನ ಪಾಲಿಗೆ ಬಂತು.

ಬೇಕರಿಯವನು ವಿಚಾರಿಸಲು ಮನೆಗೆ ಬಂದಿದ್ದಾಗ, ಕೈಗೆ ಹಿಟ್ಟಿನ ಬದಲು ನೀರು ಸವರಿಕೊಂಡು ನಾದಬೇಕು ಎಂದು ತೋರಿಸಿಕೊಟ್ಟಿದ್ದ. ಅವಳು ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು ನಿಂತಳು. ಐದನೇ ನಿಮಿಷಕ್ಕೆ ಹಿಟ್ಟು ಬೆರಳಿಗೆಲ್ಲ ಹತ್ತಿ, ಅವಳ ಕಣ್ಣು ಕಪಾಟಿನ ಕಡೆ ಹೋಯಿತು.

"ಹೋಗ್ಬೇಡ" ಎಂದ ಟೈಲರ್ ಕುರ್ಚಿಯಿಂದ.

"ನಾನೆಲ್ಲಿ ಹೋದೆ?"

"ಕಣ್ಣು ಹೋಯ್ತು."

"ಇದು ಹೀಗೇ ಎಷ್ಟು ಹೊತ್ತು ರೀ?"

"ಗೋಡೆ ಬಿಡೋವರೆಗೆ. ಏನಾದ್ರೂ ಮಾತಾಡು, ಹೊತ್ತು ಹೋಗುತ್ತೆ."

ಎಷ್ಟೋ ವರ್ಷದಿಂದ ಅವಳು ಅವನೊಂದಿಗೆ ಕೆಲಸವಿಲ್ಲದ ಮಾತು ಆಡಿರಲಿಲ್ಲ. ಕೊನೆಗೆ ವಿಂಗಡಣೆ ಕೋಣೆಯಲ್ಲಿ ಒಮ್ಮೆ ವಿಳಾಸವೇ ಇಲ್ಲದ ಪಾರ್ಸಲ್ ಬಂದದ್ದು, ಅದರೊಳಗಿಂದ ಗಡಿಯಾರದ ಸದ್ದು ಕೇಳಿ ಮೇಲಧಿಕಾರಿ ಮೇಜಿನಡಿ ಅಡಗಿದ್ದು, ಬಿಚ್ಚಿದರೆ ನಿಜಕ್ಕೂ ಗಡಿಯಾರವೇ ಇದ್ದದ್ದು ಹೇಳಿದಳು. ಅವನು ಆ ಕತೆಯನ್ನು ಕೇಳಿರಲಿಲ್ಲ. ನಕ್ಕು ಕೆಮ್ಮು ಬಂತು. ಅವನಿಗೆ ನೀರು ಕೊಡಲು ಕೈ ತೆಗೆಯುವಾಗ ಅವಳು ನೋಡಿದಳು, ಹಿಟ್ಟು ಗೋಡೆ ಬಿಟ್ಟಿತ್ತು.

ಆ ದಿನದ ಬ್ರೆಡ್ಡು ಅವನದರಷ್ಟು ಎತ್ತರ ಬರಲಿಲ್ಲ, ಇಟ್ಟಿಗೆಯೂ ಆಗಲಿಲ್ಲ. ಮಗಳು ಬಂದು ಎರಡು ಚೂರು ತಿಂದು, ಮಿಕ್ಕ ಅರ್ಧವನ್ನು ಕೇಳದೆಯೇ ಕಟ್ಟಿಕೊಂಡು ಹೋದಳು.

ಟೈಲರ್ ಮತ್ತೆ ಕೋಟು ಹೊಲಿಯಲಿಲ್ಲ. ಗುಂಡಿ ಹಾಕುವಷ್ಟು, ಅಂಚು ಮಡಿಸುವಷ್ಟು ಕೈ ಬಂತು. ಅಂಗಡಿಯನ್ನು ತನ್ನ ಹಳೆಯ ಸಹಾಯಕನಿಗೆ ಬಿಟ್ಟುಕೊಟ್ಟು, ವಾರಕ್ಕೊಮ್ಮೆ ಹೋಗಿ ತಪ್ಪು ಹುಡುಕಿ ಬರುತ್ತಾನೆ. ಮನೆಯಲ್ಲಿ ವಾರಕ್ಕೆ ಎರಡು ಬ್ರೆಡ್ಡು, ಒಂದು ಅವನದು, ಒಂದು ಅವಳದು. ಅವಳದು ಈಗಲೂ ಕೊಂಚ ಬಿಗಿ. ಡಬ್ಬಿಯನ್ನು ತೂಗಿದರೆ ಹೆಚ್ಚುವರಿ ಹೋದದ್ದು ನಲವತ್ತು ಗ್ರಾಂ ಎಂದು ತೋರಿಸುತ್ತದೆ.

"ಇದನ್ನೂ ಬಿಟ್ಟರೆ ನಂದಕ್ಕಿಂತ ಚೆನ್ನಾಗಿ ಬರುತ್ತೆ" ಎನ್ನುತ್ತಾನೆ ಅವನು.

"ನಲವತ್ತು ಗ್ರಾಂ ಇರಲಿ ಬಿಡಿ" ಎನ್ನುತ್ತಾಳೆ ಅವಳು, ಕೈ ಒರೆಸಿಕೊಳ್ಳುತ್ತಾ. "ಎಲ್ಲಾ ಬಿಟ್ಟರೆ ಅದು ನಾನು ಮಾಡಿದ್ದು ಅಂತ ಯಾರಿಗೂ ಗೊತ್ತಾಗಲ್ಲ."